ಮೂಲೆಯಣ್ಣನಿಗೆ ಎರಡು ನಿಮಿಷ

ಫೆಬ್ರವರಿ ೯

ಪ್ರೀತಿಯ ಅತ್ತೆಗೆ,

ಮೊದಲು ನಿಮ್ಮ ಮಂಡಿನೋವು ವಿಚಾರಿಸಿ, ಆಮೇಲೆ ಮೆಲ್ಲಗೆ ಕೆಲಸದ ಮಾತು ತೆಗೆಯಬೇಕು ಅಂತ ಅಪ್ಪ ಹೇಳಿಕೊಟ್ಟರು. ನಿಮ್ಮ ಹತ್ತಿರ ಆ ನಾಟಕ ನಡೆಯುವುದಿಲ್ಲ ಅಂತ ಅವರಿಗಿಂತ ನನಗೇ ಚೆನ್ನಾಗಿ ಗೊತ್ತು. ನೇರವಾಗಿ ಹೇಳುತ್ತೇನೆ, ನಿಮ್ಮಿಂದ ಒಂದು ಸಹಾಯ ಆಗಬೇಕು.

ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ತಂಡಕ್ಕೆ ನಾನು ಮೇಲ್ವಿಚಾರಕಿ ಆಗಿ ಎರಡು ವರ್ಷ ಆಯಿತು. ತಂಡದವರೆಲ್ಲ ಗಡಿಯಾಚೆಯವರು. ಅವರಲ್ಲಿ ಹಿರಿಯ, ನಾವೆಲ್ಲ ಮೂಲೆಯಣ್ಣ ಅಂತ ಕರೆಯುವವರು, ಏಪ್ರಿಲ್ ಕೊನೆಗೆ ನಿವೃತ್ತರಾಗಿ ತಮ್ಮ ಊರಿಗೆ ಹೋಗುತ್ತಾರೆ. ಆ ಹೆಸರು ಯಾಕೆ ಅಂದರೆ, ಒದ್ದೆ ಚಾದರಗಳ ರಾಶಿಗೆ ಕೈ ಹಾಕಿದರೆ ಅವರ ಕೈಗೆ ಸಿಗುವುದು ಮೂಲೆಯೇ. ನಾನು ಕೈ ಹಾಕಿದರೆ ಹೊಟ್ಟೆ ಸಿಗುತ್ತದೆ, ಬೆನ್ನು ಸಿಗುತ್ತದೆ, ಮೂಲೆ ಮಾತ್ರ ಸಿಗುವುದಿಲ್ಲ.

ಇಲ್ಲಿ ಬೀಳ್ಕೊಡುಗೆ ಭಾಷಣ ಓದುವವರು ಮ್ಯಾನೇಜರು. ಅವರ ಹತ್ತಿರ ಒಂದೇ ಹಾಳೆ ಇದೆ. "ಸರಳ, ಸಜ್ಜನ, ಸದಾ ಹಸನ್ಮುಖಿ." ಹೋದ ವರ್ಷ ಬಾಯ್ಲರ್ ನೋಡಿಕೊಳ್ಳುತ್ತಿದ್ದವರಿಗೂ ಅದನ್ನೇ ಓದಿದರು. ಆ ಮನುಷ್ಯ ನಕ್ಕಿದ್ದನ್ನು ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ. ಅದನ್ನು ನೆನಪಿಟ್ಟುಕೊಂಡಿದ್ದ ಮೂಲೆಯಣ್ಣ ಮೊನ್ನೆ ತಮಗೆ ಅರೆಬರೆ ಬರುವ ನಮ್ಮ ಭಾಷೆಯಲ್ಲಿ ನನಗೆ ಹೇಳಿದರು: "ಭಾಷಣ ಇದ್ರೆ ನಾನು ಬರಲ್ಲಮ್ಮ. ಆ ಹಾಳೆಯಲ್ಲಿರೋ ಮನುಷ್ಯ ಯಾರೋ ನಂಗೆ ಗೊತ್ತಿಲ್ಲ."

ನನಗೆ ಚುರುಕ್ ಅಂತು. ಇಷ್ಟು ವರ್ಷ ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಮುಂದೆ ನಿಂತವರು ಹಿಂಬಾಗಿಲಿನಿಂದ ಹೋಗುವುದು ನನಗೆ ಬೇಡ. ಮ್ಯಾನೇಜರನ್ನು ಒಪ್ಪಿಸಿದೆ, ಈ ಸಲ ನಾನು ಮಾತಾಡುತ್ತೇನೆ. ತಂಡದ ನಾಲ್ವರಿಗೂ ಅಣ್ಣನ ಬಗ್ಗೆ ಅವರವರ ಕೈಯಲ್ಲೇ ಬರೆದುಕೊಡಿ ಅಂದಿದ್ದೇನೆ. ಅವರಿಗೆ ನಮ್ಮ ಭಾಷೆಯಲ್ಲಿ ಕೆಲಸದ ಮಾತು ಬರುತ್ತದೆ, ಮನಸ್ಸಿನ ಮಾತು ಬರುವುದಿಲ್ಲ. ನನಗೆ ಅವರ ಅಕ್ಷರವೇ ಬರುವುದಿಲ್ಲ. ನೀವು ಮೂವತ್ತು ವರ್ಷ ನ್ಯಾಯಾಲಯದಲ್ಲಿ ಅದೇ ಭಾಷೆಯ ಅನುವಾದಕಿ ಆಗಿದ್ದವರು. ಚೀಟಿಗಳ ಫೋಟೋ ಕಳಿಸಲೇ?

ನಿಮ್ಮ ಅಣ್ಣನ ಮಗಳು

*

ಫೆಬ್ರವರಿ ೧೬

ಮಗೂ,

ಮಂಡಿ ಹಾಗೇ ಇದೆ. ಕೇಳಲಿಲ್ಲವಾದರೂ ಹೇಳಿದ್ದೇನೆ, ಅಣ್ಣನಿಗೆ ತಿಳಿಸು.

ಕಳಿಸು. ಫೋಟೋ ಫೋನಿಗೆ ಬರಲಿ, ಉತ್ತರ ಮಾತ್ರ ಅಂಚೆಯಲ್ಲೇ. ಆ ಪುಟ್ಟ ಗಾಜಿನ ಮೇಲೆ ಬೆರಳು ಕುಟ್ಟುತ್ತಾ ಕೂತರೆ ನನಗೆ ಯೋಚನೆಯೇ ಬರುವುದಿಲ್ಲ.

ನ್ಯಾಯಾಲಯದಲ್ಲಿ ಕೆಟ್ಟ ಫೋಟೋಗಳಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಅದಕ್ಕೆ ನನ್ನ ಕಾನೂನು ಕೇಳು. ಕಾಗದವನ್ನು ಕಿಟಕಿಯ ಹತ್ತಿರ, ಚಪ್ಪಟೆ ಮೇಜಿನ ಮೇಲೆ ಇಡಿ. ಫೋನನ್ನು ನೇರ ಮೇಲೆ ಹಿಡಿಯಿರಿ. ಓರೆ ಹಿಡಿದರೆ ಕೆಳಗಿನ ಸಾಲು ಕುಗ್ಗುತ್ತದೆ. ಫ್ಲ್ಯಾಶ್ ಬೇಡ, ಪೆನ್ಸಿಲ್ ಬರಹ ಹೊಳೆದು ಮಾಯವಾಗುತ್ತದೆ. ತೆಗೆಯುವವರ ನೆರಳು ಬೀಳಬಾರದು. ಹಿಂಬದಿಯಲ್ಲಿ ಬರೆದಿದ್ದರೆ ಅದನ್ನೂ ತೆಗೆಯಿರಿ. ಮೂಲೆಯಲ್ಲಿ ಸಂಖ್ಯೆ ಹಾಕಿ, ಯಾವುದು ಯಾರದು ಅಂತ ನೀನು ಗುರುತಿಟ್ಟುಕೋ. ಮುಖ್ಯವಾಗಿ, ಒಂದು ಬದಿಗೆ ಒಂದೇ ಫೋಟೋ, ಕಾಗದ ಪೂರ್ತಿ ಅದರಲ್ಲಿ ಹಿಡಿಸಬೇಕು. ಚೂರು ಚೂರಾಗಿ ತೆಗೆದು ಕಳಿಸಿದರೆ ಯಾವ ಚೂರಿನ ಹಿಂದೆ ಯಾವುದು ಅಂತ ನಾನು ಜಾತಕ ನೋಡಬೇಕಾಗುತ್ತದೆ. ಕಳಿಸುವಾಗ ಫೋಟೋ ಆಗಿ ಬೇಡ, ಫೈಲ್ ಆಗಿ ಕಳಿಸು. ಇಲ್ಲದಿದ್ದರೆ ಫೋನು ಅದನ್ನು ಹಿಂಡಿ ಹಿಪ್ಪೆ ಮಾಡುತ್ತದೆ.

ಒಂದು ಸಂದೇಹ. ಅವರ ಪೈಕಿಯೇ ಯಾರಾದರೂ ನಿನಗೆ ಓದಿ ಹೇಳಬಹುದಲ್ಲ?

ಅತ್ತೆ

*

ಫೆಬ್ರವರಿ ೨೭

ಪ್ರೀತಿಯ ಅತ್ತೆಗೆ,

ಓದಿ ಹೇಳಬಹುದು, ಆದರೆ ಹೇಳಿಸಬಾರದು. ಒಬ್ಬರದನ್ನು ಇನ್ನೊಬ್ಬರು ಓದಕೂಡದು ಅನ್ನುವುದು ಅವರ ಷರತ್ತು. ಹಾಗಾಗಿ ಫೋಟೋ ತೆಗೆಯುವ ಕೆಲಸ ಮಡಿಕೆಯಕ್ಕನಿಗೆ ಬಂತು. ಯಂತ್ರದ ಆ ಕಡೆಯಿಂದ ಒಣಗಿ ಬರುವ ಚಾದರಗಳನ್ನು ಮಡಿಸುವವಳು ಇವಳು. ಓದಲು ಬರೆಯಲು ಬರುವುದಿಲ್ಲ, ಅದಕ್ಕೇ ಎಲ್ಲರಿಗೂ ಇವಳ ಮೇಲೆ ನಂಬಿಕೆ! ಫೋನು ಮಾತ್ರ ನಮ್ಮೆಲ್ಲರದಕ್ಕಿಂತ ಒಳ್ಳೆಯದು. ನಿಮ್ಮ ಕಾನೂನನ್ನು ಒಂದೊಂದಾಗಿ ಹೇಳಿದೆ. "ಒಂದು ಕಾಗದ, ಒಂದು ಫೋಟೋ, ಪೂರ್ತಿ ಹಿಡಿಸ್ಬೇಕು" ಅಂತ ಅವಳು ಮಂತ್ರದ ಹಾಗೆ ಹೇಳಿಕೊಳ್ಳುತ್ತಾ ತೆಗೆದಳು. ನಾನು ಅಷ್ಟರಲ್ಲಿ ಯಂತ್ರದ ಗಲಾಟೆಗೆ ಓಡಬೇಕಾಯಿತು.

ಬರೆದ ಕಾಗದ ಏನು ಅಂತ ಆಶ್ಚರ್ಯಪಡಬೇಡಿ. ಬಟ್ಟೆ ಗಾಡಿಗಳನ್ನು ತೂಗುವ ಯಂತ್ರದ ಸುರುಳಿ ಕಾಗದ ಅದು. ಕೈಗೆ ಸಿಕ್ಕಷ್ಟು ಹರಿದುಕೊಂಡಿದ್ದಾರೆ.

ತಡೆಯಲಾರದೆ ಮೊದಲು ನನ್ನ ಫೋನಿನ ಅನುವಾದಕ್ಕೆ ತೋರಿಸಿದೆ. "ಅಧ್ಯಕ್ಷರು ಬೆಚ್ಚಗಿನ ತರಕಾರಿಯೊಂದಿಗೆ ನಿಂತಿದ್ದಾರೆ" ಅಂತು. ಮುಚ್ಚಿಟ್ಟೆ.

ನಾಲ್ಕು ಫೋಟೋ ಕಳಿಸಿದ್ದೇನೆ. ೧ ಗಾಡಿ ತಳ್ಳುವವನದು. ೨ ತೂಕ ಮಾಡುವವಳದು. ೩ ಮಡಿಕೆಯಕ್ಕನದು. ೪ ಎದುರುಗೈಯದು. ಎದುರುಗೈ ಅಂದರೆ ಚಾದರದ ಇನ್ನೊಂದು ಮೂಲೆ ಹಿಡಿಯುವವಳು. ಇಬ್ಬರೂ ಎದುರುಬದುರು ನಿಂತು ಒದ್ದೆ ಚಾದರವನ್ನು ಕೊಡವಿ, ಬಿಗಿಯಾಗಿ ಎಳೆದು, ಅದರ ಅಂಚನ್ನು ಒಟ್ಟಿಗೆ ಉರುಳೆಯ ಬಾಯಿಗೆ ಕೊಡಬೇಕು. ಒಬ್ಬರು ಒಂದು ಗಳಿಗೆ ಹಿಂದೆ ಬಿದ್ದರೂ ಸುಕ್ಕು. ಅಣ್ಣ ಮತ್ತು ಎದುರುಗೈ ಕೊಟ್ಟ ಚಾದರದಲ್ಲಿ ನಾನು ಇದುವರೆಗೆ ಸುಕ್ಕು ನೋಡಿಲ್ಲ. ವಿಚಿತ್ರ ಏನೆಂದರೆ ಇಬ್ಬರ ನಡುವೆ ವರ್ಷಗಳಿಂದ ಮಾತಿಲ್ಲ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಅವಳು ಬರೆದುಕೊಟ್ಟಿದ್ದೇ ನನಗೆ ದೊಡ್ಡದು.

ಅಣ್ಣ ಇನ್ನೂ ಬರುವುದಿಲ್ಲ ಅಂತಲೇ ಇದ್ದಾರೆ.

ನಿಮ್ಮ ಅಣ್ಣನ ಮಗಳು

*

ಮಾರ್ಚ್ ೮

ಮಗೂ,

ನಾನು ಹೇಗೆ ಕೆಲಸ ಮಾಡುತ್ತೇನೆ ಹೇಳುತ್ತೇನೆ, ಆಗ ನನ್ನ ಗುರುತುಗಳು ನಿನಗೆ ಅರ್ಥವಾಗುತ್ತವೆ. ಮೊದಲು ಅವರ ಬರಹವನ್ನು ಅವರ ಅಕ್ಷರದಲ್ಲೇ ನನ್ನ ಕೈಯಿಂದ ನಕಲು ಮಾಡಿಕೊಳ್ಳುತ್ತೇನೆ. ಒಬ್ಬರು ಅಕ್ಷರ ತಿರುಗಿಸುವ ರೀತಿ ಎರಡು ಸಾಲಿಗೆ ಕೈಗೆ ಹತ್ತುತ್ತದೆ. ಆಮೇಲೆ ಗೀಚಿದ್ದೂ ಓದಲು ಬರುತ್ತದೆ. ಓದಲಾಗದ್ದನ್ನು ಊಹಿಸಿ ತುಂಬುವುದಿಲ್ಲ, ಪ್ರಶ್ನೆ ಗುರುತು ಹಾಕುತ್ತೇನೆ. ಅವರು ಸರಳವಾಗಿ ಬರೆದಿದ್ದರೆ ನಾನು ಅಲಂಕಾರ ಮಾಡುವುದಿಲ್ಲ. ನೀನೂ ಮಾಡಬೇಡ.

೧. "ಹೊಸದರಲ್ಲಿ ಒದ್ದೆ ರಾಶಿಯಲ್ಲಿ ಮೂಲೆ ಸಿಗದೆ ನನಗೆ ಅಳು ಬರ್ತಿತ್ತು. ಅಣ್ಣ ಏನೂ ಹೇಳಿಕೊಡಲಿಲ್ಲ. ನನ್ನ ಪಕ್ಕ ನಿಂತು ನಿಧಾನವಾಗಿ ಮಾಡಿದ. ನಾನು ನೋಡಿ ಕಲಿತೆ. ಆಮೇಲೆ ಅವನ ನಿಜವಾದ ವೇಗ ನೋಡಿದೆ. ಆಗ ಗೊತ್ತಾಯ್ತು, ಅಷ್ಟು ದಿನ ನಿಧಾನ ಮಾಡಿದ್ದು ನನಗೋಸ್ಕರ ಅಂತ."

೨. "ಚಾದರದಲ್ಲಿ ಸುತ್ತಿಕೊಂಡು ರೋಗಿಗಳ ಕನ್ನಡಕ, ಹಲ್ಲಿನ ಸೆಟ್ಟು ಬರ್ತವೆ. ಡಬ್ಬಿಗೆ ಹಾಕಿದರೆ ಸಾಕು ಅಂತ ನಿಯಮ. ಅಣ್ಣ ಊಟದ ಬಿಡುವಿನಲ್ಲಿ ವಾರ್ಡು ವಾರ್ಡು ಸುತ್ತುತ್ತಾನೆ. 'ಅವರು ಹಲ್ಲಿಲ್ಲದೆ ಕೂತಿರುವಾಗ ನಾನು ಹೇಗೆ ಉಣ್ಣಲಿ' ಅಂತಾನೆ. ಅವನು ತಣ್ಣಗಾದ (?) ತಿನ್ನೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ." ಪ್ರಶ್ನೆ ಗುರುತಿನ ಕಡೆ ಒಂದು ಪದ ನೀರು ಬಿದ್ದು ಹರಡಿದೆ. ಊಟ ಎಂದಿರಬಹುದು. ಬರೆದವಳನ್ನೇ ಕೇಳು.

೩. ಇದರಲ್ಲಿ ಬರಹ ಇಲ್ಲ. ಒಂದು ಉದ್ದ ಚೌಕ. ಮೇಲಿನ ಒಂದು ಮೂಲೆಯಲ್ಲಿ ಒಂದು ಕೈ. ಇನ್ನೊಂದು ಮೂಲೆ ಖಾಲಿ, ಆ ಕಡೆ ಚೌಕವೇ ಜೋತುಬಿದ್ದಿದೆ. ಇದಕ್ಕೆ ಅನುವಾದಕಿ ಬೇಕಿಲ್ಲ.

೪. "ಅವತ್ತು ಯಂತ್ರದ ಹತ್ತಿರ ಎಲ್ಲರ ಎದುರಿಗೆ ಅವನು ನನ್ನ ಕೈಗೆ ಹೊಡೆದ. ಜೋರಾಗಿ ಹೊಡೆದ. ನಾನು ಬಾಯಿಗೆ ಬಂದ ಹಾಗೆ ಬೈದೆ. / ಅವತ್ತಿಂದ ಅವನ ಜೊತೆ ಮಾತಿಲ್ಲ. ಆ ಏಟು ನಾನು ಮರೆತಿಲ್ಲ. ಮರೆಯೋದೂ ಇಲ್ಲ."

ಈ ನಾಲ್ಕನೆಯದರಲ್ಲಿ ನಾನು ಹಾಕಿದ ಓರೆಗೆರೆ ಗಮನಿಸು. ಫೋಟೋದಲ್ಲಿ ಅಲ್ಲಿ ಒಂದು ಸಣ್ಣ ನೆರಳು ಅಡ್ಡಕ್ಕೆ ಇದೆ. ಅದರ ಅಂಚಿನಲ್ಲಿ ಅಕ್ಷರಗಳ ತಲೆ ಮಾತ್ರ ಕಾಣುತ್ತವೆ, ಮೈ ಇಲ್ಲ. ಎರಡು ಭಾಗಗಳನ್ನು ಸೇರಿಸಿ ಓದಬೇಡ. ಮೂಲ ಕಾಗದ ನೋಡು.

ಅತ್ತೆ

*

ಮಾರ್ಚ್ ೧೫

ಪ್ರೀತಿಯ ಅತ್ತೆಗೆ,

ಗಾಡಿಯವನ ಚೀಟಿ ಓದಿ ನನ್ನ ಕಣ್ಣು ತುಂಬಿತು. ಹಲ್ಲಿನ ಸೆಟ್ಟಿನ ಕಥೆ ನನಗೆ ಗೊತ್ತೇ ಇರಲಿಲ್ಲ! ನಾನೂ ಅದೇ ಹೊತ್ತಿಗೆ ಊಟಕ್ಕೆ ಕೂರುತ್ತೇನೆ, ಅಣ್ಣ ಎಲ್ಲಿ ಅಂತ ಒಂದು ದಿನವೂ ಕೇಳಿಕೊಂಡಿಲ್ಲ. ಹರಡಿದ ಪದ ನೀವು ಹೇಳಿದ್ದೇ: ಊಟ.

ಎದುರುಗೈಯ ಮೇಲೆ ಮಾತ್ರ ಸಿಟ್ಟು ಬಂದಿದೆ. ಇಷ್ಟವಿಲ್ಲದಿದ್ದರೆ ಬರೆಯದೆ ಇರಬಹುದಿತ್ತು. ಹೋಗುವ ಮನುಷ್ಯನ ಮೇಲೆ ಹೀಗೆ ಹಗೆ ಸಾಧಿಸುವುದೇ? ನಡುವೆ ಒಂದೆರಡು ಪದ ಬಿಟ್ಟಿರಬಹುದು, ಅರ್ಥವಂತೂ ಸ್ಪಷ್ಟವಾಗಿದೆ. ಅವಳದನ್ನು ಬಿಟ್ಟೇ ಬರೆದಿದ್ದೇನೆ. ಇದು ಆರಂಭ:

"ಇಂದು ನಮಗೆಲ್ಲರಿಗೂ ಸಂತೋಷವೂ ದುಃಖವೂ ಒಟ್ಟಿಗೆ ಬಂದಿರುವ ದಿನ. ಕರ್ತವ್ಯನಿಷ್ಠೆ, ಸಹನೆ, ಪರೋಪಕಾರ ಇವುಗಳ ಸಾಕಾರಮೂರ್ತಿಯಾದ ನಮ್ಮ ಹಿರಿಯ ಸಹೋದ್ಯೋಗಿಯವರು..."

ಹೇಗಿದೆ?

ನಿಮ್ಮ ಅಣ್ಣನ ಮಗಳು

*

ಮಾರ್ಚ್ ೨೧

ಮಗೂ,

ಮ್ಯಾನೇಜರ ಹಾಳೆಗೆ ಒಂದು ತಂಗಿ ಹುಟ್ಟಿದ್ದಾಳೆ. ಅಭಿನಂದನೆ.

ಮೂರ್ತಿಯನ್ನು ಕೆಳಗಿಳಿಸು. ನಿನ್ನ ಕೈಯಲ್ಲಿ ಹಲ್ಲಿನ ಸೆಟ್ಟು ಹಿಡಿದುಕೊಂಡು ವಾರ್ಡು ಸುತ್ತುವ ಮನುಷ್ಯ ಇದ್ದಾನೆ, ನೀನು ಅವನಿಗೆ ಪರೋಪಕಾರ ಅಂತ ಅಂಗಿ ತೊಡಿಸಿ ಮುಖ ಮುಚ್ಚಿದ್ದೀಯ. ಸಭೆಗೆ ಮಾತಾಡಬೇಡ, ಅವರಿಗೆ ಮಾತಾಡು. ವಾಕ್ಯ ಚಿಕ್ಕದಿರಲಿ, ಕಿವಿಗೆ ಹಿಂದಕ್ಕೆ ಹೋಗಿ ಓದಲು ಬರುವುದಿಲ್ಲ. ಎರಡು ನಿಮಿಷ ದಾಟಬಾರದು. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದು, ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಕತ್ತರಿಸು. ಚೀಟಿ ಬರೆದವರ ಒಪ್ಪಿಗೆ ಕೇಳದೆ ಅವರ ಒಂದು ಮಾತನ್ನೂ ಓದಬೇಡ.

ಇನ್ನು ನಾಲ್ಕನೇ ಚೀಟಿ. ನಾನು ಗೆರೆ ಎಳೆದು, ಸೇರಿಸಬೇಡ ಅಂತ ಬರೆದೆ. ನೀನು ಸೇರಿಸಿ, ಅರ್ಥ ಮಾಡಿ, ತೀರ್ಪನ್ನೂ ಕೊಟ್ಟೆ. ನಿನ್ನಂಥ ನ್ಯಾಯಾಧೀಶರು ಸಿಕ್ಕಿದ್ದರೆ ನಮ್ಮ ನ್ಯಾಯಾಲಯ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿತ್ತು. ಈ ಕಾಗದ ಮುಟ್ಟಿದ ತಕ್ಷಣ ಎದ್ದುಹೋಗಿ ಆ ಚೀಟಿ ತೆಗೆದು ನೋಡು.

ಅತ್ತೆ

*

ಮಾರ್ಚ್ ೨೭

ಅತ್ತೆ,

ನೋಡಿದೆ. ನನ್ನ ಮೇಜಿನ ಖಾನೆಯಲ್ಲೇ ಇತ್ತು, ಮಡಿಕೆಯಕ್ಕ ಕೊಟ್ಟ ಹಾಗೇ. ನೋಡಲು ಅಂಗೈ ಉದ್ದ. ಎಳೆದೆ. ಬಿಚ್ಚುತ್ತಾ ಹೋಯಿತು. ಮೊಣಕೈವರೆಗೆ ಬಂತು.

ಮಡಿಕೆಯಕ್ಕನನ್ನು ಕರೆದು ಕೇಳಿದೆ. ಅವಳಿಗೆ ನಾನು ಕೇಳಿದ್ದೇ ಅರ್ಥವಾಗಲಿಲ್ಲ. "ಉದ್ದ ಇತ್ತು. ಒಂದು ಫೋಟೋದಲ್ಲಿ ಪೂರ್ತಿ ಹಿಡಿಸ್ಬೇಕು ಅಂದ್ರಲ್ಲ? ಅದಕ್ಕೆ ನಡುವೆ ಮಡಿಕೆ ಹಾಕ್ದೆ. ಎರಡೂ ತುದಿ ಬಂತಲ್ಲ!" ಉದ್ದದ ಚಾದರ ಕಪಾಟಿನಲ್ಲಿ ಹಿಡಿಸದಿದ್ದರೆ ಅವಳು ಮಾಡುವುದು ಇದನ್ನೇ. ನಡುಭಾಗವನ್ನು ಒಳಕ್ಕೆ ಮಡಿಸಿ, ಕೈಯಿಂದ ಒತ್ತಿ ಸವರುತ್ತಾಳೆ. ಮಡಿಕೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಅಷ್ಟು ಸೊಗಸಾಗಿ ಮಡಿಸುವವರು ಈ ಆಸ್ಪತ್ರೆಯಲ್ಲಿ ಬೇರೆ ಇಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಿಚ್ಚಿದ ಕಾಗದವನ್ನು ನಾನೇ ಮೂರು ಭಾಗವಾಗಿ ಫೋಟೋ ತೆಗೆದು, ಪ್ರತಿ ಭಾಗದಲ್ಲೂ ಹಿಂದಿನದರ ಕೊನೆಯ ಎರಡು ಸಾಲು ಮತ್ತೆ ಬರುವಂತೆ ಮಾಡಿ ಕಳಿಸಿದ್ದೇನೆ. ಈಗ ನೀವು ಜಾತಕ ನೋಡಬೇಕಿಲ್ಲ.

ಇನ್ನೊಂದು. ಇವತ್ತು ಅಣ್ಣನಿಗೆ ಹೇಳಿದೆ: "ಎರಡೇ ನಿಮಿಷ. ಅದರಲ್ಲಿ ನಿಮಗೆ ಗೊತ್ತಿರೋ ಮನುಷ್ಯ ಇಲ್ಲ ಅಂದ್ರೆ ಎದ್ದು ಹೋಗಿ." "ಬಾಗಿಲ ಹತ್ರ ನಿಂತ್ಕೋತೀನಿ," ಅಂದರು.

ನಿಮ್ಮ ಅಣ್ಣನ ಮಗಳು

*

ಏಪ್ರಿಲ್ ೪

ಮಗೂ,

ಮೊದಲು ನನ್ನ ತಪ್ಪು. ಕಾನೂನು ಮಾಡಿದವಳು ನಾನು, ಅವಳು ಅದನ್ನು ಅಕ್ಷರಶಃ ಪಾಲಿಸಿದಳು. ಉದ್ದದ ಕಾಗದ ಅಂತೊಂದು ಇರುತ್ತದೆ ಅಂತ ನನಗೆ ಹೊಳೆಯಲಿಲ್ಲ. ಅವಳಿಗೆ ನನ್ನ ನಮಸ್ಕಾರ ಹೇಳು.

ಮಡಿಕೆಯೊಳಗೆ ಇದ್ದದ್ದು ಇದು. "ಬೈದೆ" ಆದಮೇಲೆ, "ಅವತ್ತಿಂದ" ಶುರುವಾಗುವ ಮೊದಲು:

"ನನ್ನ ತೋಳಿನ ಬಟ್ಟೆ ಚಾದರದ ಅಂಚಿಗೆ ಸಿಕ್ಕಿ ಉರುಳೆಯ ಕಡೆ ಹೋಗ್ತಿತ್ತು. ನಾನು ನೋಡಿರಲಿಲ್ಲ. ಅವನು ನೋಡಿದ. ಹೊಡೆದು ನನ್ನ ಕೈ ಬಿಡಿಸಿದ, ಮೊಣಕಾಲಿಂದ ಯಂತ್ರ ನಿಲ್ಲಿಸೋ ತಡೆಪಟ್ಟಿ ಒತ್ತಿದ. ಒತ್ತಿದ ಮೇಲೂ ಯಂತ್ರ ನಿಲ್ಲೋಕೆ ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಅವನ ಎರಡು ಬೆರಳು ಉರುಳೆಗೆ ತಾಗಿತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಟೀ ಕೆಟಲ್ ತಾಗಿ ಸುಟ್ಟಿದ್ದು ಅಂತ ಎಲ್ಲರಿಗೂ ಹೇಳಿದ. ನಿಜ ಹೇಳಿದ್ದರೆ ಎಚ್ಚರವಿಲ್ಲದವಳು ಅಂತ ನನ್ನನ್ನು ತೆಗೆದುಹಾಕ್ತಿದ್ದರು. ನಾನು ಮನೆಗೆ ಹೋಗಿ ಅಂಗಿ ಬಿಚ್ಚಿದಾಗ ತೋಳಿನ ಅಂಚು ಕಂದಿತ್ತು. ಆಗ ಅರ್ಥ ಆಯ್ತು. ಬೆಳಿಗ್ಗೆ ಅವನ ಹತ್ತಿರ ಹೋಗಿ ಹೇಳೋಣ ಅಂದುಕೊಂಡೆ. ಬೈದದ್ದು ನೆನಪಾಗಿ ನಾಲಿಗೆ ಏಳಲಿಲ್ಲ. ನಾಳೆ ಹೇಳೋಣ ಅಂದೆ. ಒಂದೊಂದು ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು. ಅವನೂ ಕೇಳಲಿಲ್ಲ. ದಿನಾ ಬಂದು ತನ್ನ ಮೂಲೆ ಹಿಡಿದು ನಿಂತ."

ಈಗ ಕೊನೆಯ ಸಾಲು ಓದು. "ಆ ಏಟು ನಾನು ಮರೆತಿಲ್ಲ. ಮರೆಯೋದೂ ಇಲ್ಲ." ಒಂದು ಪದವೂ ಬದಲಾಗಿಲ್ಲ.

ನಾನು ಎಷ್ಟೋ ಸಾಕ್ಷಿಗಳ ಮಾತು ಅನುವಾದ ಮಾಡಿದ್ದೇನೆ. ನಿನ್ನ ಮೂಲೆಯಣ್ಣನಂಥವರನ್ನು ಕಟಕಟೆಯಲ್ಲಿ ನೋಡಿಲ್ಲ. ಅಂಥವರು ಅಲ್ಲಿಗೆ ಬರುವುದಿಲ್ಲ ಅಂತ ಕಾಣುತ್ತದೆ.

ಇದನ್ನು ಅವಳನ್ನು ಕೇಳದೆ ಓದಬೇಡ. ಮ್ಯಾನೇಜರ ಎದುರಿಗೆ ಓದುವುದೋ ಬಿಡುವುದೋ ಅವಳೇ ಹೇಳಬೇಕು. ಅವಳು ಬೇಡ ಅಂದರೆ, ಹೆಸರು ಮರೆಸಿ, ಸುತ್ತಿ ಬಳಸಿ ಹೇಳುವ ಜಾಣತನವೂ ಬೇಡ.

ಭಾಷಣದ ಕೊನೆಗೆ ಅವರ ಭಾಷೆಯಲ್ಲಿ ಹೇಳಲು ಒಂದು ಸಾಲನ್ನು ನಮ್ಮ ಅಕ್ಷರದಲ್ಲಿ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಎಲ್ಲಿ ಎಳೆಯಬೇಕೋ ಅಲ್ಲಿ ಕೆಳಗೆ ಗೆರೆ ಇದೆ. ಮಡಿಕೆಯಕ್ಕನ ಮುಂದೆ ಹೇಳಿ ಅಭ್ಯಾಸ ಮಾಡು. ಅವಳು ನಕ್ಕರೆ ಮತ್ತೆ ಹೇಳು. ನಗುವುದು ನಿಲ್ಲಿಸಿದಾಗ ಸರಿಯಾಗಿದೆ ಅಂತ ಅರ್ಥ.

ಅತ್ತೆ

*

ಮೇ ೨

ಪ್ರೀತಿಯ ಅತ್ತೆಗೆ,

ಮಡಿಕೆಯಕ್ಕ ಒಂದು ವಾರ ನಕ್ಕಳು. ಆಮೇಲೆ ಒಂದು ದಿನ ನಗದೆ ಕಣ್ಣೊರೆಸಿಕೊಂಡಳು.

ಎದುರುಗೈಯನ್ನು ಕೇಳಿದ್ದೆ. ಯಂತ್ರದ ಸದ್ದಿಲ್ಲದ ಕಡೆ, ಸೋಪಿನ ಡಬ್ಬಗಳ ಕೋಣೆಯಲ್ಲಿ. ಅವಳು ಕಾಗದವನ್ನು ಕೈಗೆ ತೆಗೆದುಕೊಂಡು, ಮಡಿಸಿ, ಜೇಬಿಗೆ ಹಾಕಿಕೊಂಡಳು. "ನಿಮಗೆ ಗೊತ್ತಾಗ್ಲಿ ಅಂತ ಬರೆದೆ. ನೀವು ಓದ್ಬೇಡಿ," ಅಂದಳು. ಅಷ್ಟೇ. ಇದ್ದದ್ದರಲ್ಲೇ ದೊಡ್ಡ ಮಾತು ಅದು, ಇನ್ನು ಅದು ಅಣ್ಣನೊಂದಿಗೆ ಊರಿಗೆ ಹೋಗದೆ ಇಲ್ಲೇ ಉಳಿದುಹೋಗುತ್ತದಲ್ಲ ಅನ್ನಿಸಿತು. ಆದರೂ ನಿಮ್ಮ ಮಾತಿನಂತೆ ಅದನ್ನು ಮುಟ್ಟಲಿಲ್ಲ.

ಮೊನ್ನೆ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಯಂತ್ರ ನಿಲ್ಲಿಸಿ, ಮಡಿಸುವ ಮೇಜಿನ ಮೇಲೆ ಒಂದು ಬಿಳಿ ಚಾದರ ಹಾಸಿ ಕೇಕು ಇಟ್ಟಿದ್ದೆವು. ಮ್ಯಾನೇಜರು ಬಂದರು. ಅಣ್ಣ ಹೇಳಿದಂತೆಯೇ ಬಾಗಿಲ ಹತ್ತಿರ, ಒಂದು ಕಾಲು ಹೊರಗಿಟ್ಟುಕೊಂಡು ನಿಂತರು. ನಾನು ಅವರ ಕಡೆಗೆ ತಿರುಗಿ ಓದಿದೆ. ಪೂರ್ತಿ ಬರೆಯುತ್ತೇನೆ, ತಪ್ಪು ತಿದ್ದುವ ಚಪಲ ಇದ್ದರೆ ಈಗ ತಿದ್ದಿಕೊಳ್ಳಿ:

"ಅಣ್ಣ, ನಿಮ್ಮ ತಂಡದವರು ನಿಮ್ಮ ಬಗ್ಗೆ ತೂಕದ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ನನ್ನ ಅತ್ತೆ ಅನುವಾದ ಮಾಡಿದ್ದಾರೆ. ನನ್ನದು ಓದುವ ಕೆಲಸ ಮಾತ್ರ.

"ಗಾಡಿಯವನು ಬರೆದಿದ್ದಾನೆ: ನೀವು ಅವನಿಗೆ ಏನೂ ಹೇಳಿಕೊಡಲಿಲ್ಲ. ಪಕ್ಕ ನಿಂತು ನಿಧಾನವಾಗಿ ಮಾಡಿದಿರಿ. ನಿಮ್ಮ ನಿಜವಾದ ವೇಗ ನೋಡಿದ ದಿನ ಅವನಿಗೆ ಗೊತ್ತಾಯಿತಂತೆ, ಅಷ್ಟು ದಿನ ನಿಧಾನ ಮಾಡಿದ್ದು ಅವನಿಗೋಸ್ಕರ ಅಂತ.

"ತೂಕ ಮಾಡುವವಳು ಬರೆದಿದ್ದಾಳೆ: ಊಟದ ಬಿಡುವಿನಲ್ಲಿ ನೀವು ರೋಗಿಗಳ ಹಲ್ಲು, ಕನ್ನಡಕ ಹಿಡಿದುಕೊಂಡು ವಾರ್ಡು ಸುತ್ತುತ್ತೀರಿ. ಆಮೇಲೆ ತಣ್ಣಗಾದ ಊಟ ಮಾಡುತ್ತೀರಿ. ಈ ಆಸ್ಪತ್ರೆಯಲ್ಲಿ ಎಷ್ಟೋ ಜನ ನಿಮ್ಮಿಂದ ಬಿಸಿ ಊಟ ಮಾಡಿದ್ದಾರೆ. ಅವರಿಗೆ ನಿಮ್ಮ ಹೆಸರು ಗೊತ್ತಿಲ್ಲ. ನಮಗೆ ಗೊತ್ತು.

"ಮಡಿಕೆಯಕ್ಕ ಚಿತ್ರ ಬರೆದಿದ್ದಾಳೆ. ಒಂದು ಚಾದರ. ಒಂದು ಮೂಲೆಯಲ್ಲಿ ಒಂದು ಕೈ. ಇನ್ನೊಂದು ಮೂಲೆ ಖಾಲಿ.

"ನಾಲ್ಕನೆಯ ಕಾಗದ ನನ್ನದಲ್ಲ. ಅದನ್ನು ನಾನು ಓದುವುದಿಲ್ಲ."

ಇಲ್ಲಿ ನಿಲ್ಲಿಸಿದೆ. ಅಣ್ಣ ಎದುರುಗೈಯನ್ನು ನೋಡಲಿಲ್ಲ, ನೆಲ ನೋಡಿದರು. ಆಮೇಲೆ ನೀವು ಕಳಿಸಿದ ಸಾಲು ಹೇಳಿದೆ, ಅವರ ಭಾಷೆಯಲ್ಲಿ: "ನೀವು ಹಿಡಿದ ಯಾವುದೂ ಸುಕ್ಕಾಗಲಿಲ್ಲ." ಎಳೆಯಬೇಕಾದ ಕಡೆ ಎಳೆದೆ. ಬಾಗಿಲಾಚೆ ಇದ್ದ ಕಾಲು ಒಳಗೆ ಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕು ಖಾಲಿಯಾಯಿತು, ಮ್ಯಾನೇಜರು ಹೊರಟರು. ನಾನು ತಟ್ಟೆ ಎತ್ತುತ್ತಿದ್ದೆ. ಆಗ ಎದುರುಗೈ ಮೇಜಿನ ಮೇಲಿನ ಚಾದರದ ಎರಡು ಮೂಲೆ ಹಿಡಿದು ನಿಂತಳು. ಅಣ್ಣ ಬಂದು ಆ ಕಡೆಯ ಎರಡು ಮೂಲೆ ಹಿಡಿದರು. ಕೊಡವಿದರು, ಎಳೆದರು, ಮಡಿಸಿದರು. ಮಡಿಸುವಾಗ ಒಬ್ಬರ ಹತ್ತಿರ ಒಬ್ಬರು ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕಲ್ಲ, ಹಾಗೆ ಹತ್ತಿರ ಬಂದಾಗ ಅವಳು ಚಾದರ ಬಿಡಲಿಲ್ಲ. ಏನೋ ಹೇಳಿದಳು. ಮಡಿಕೆಯಕ್ಕ ನನ್ನ ಕಿವಿಯಲ್ಲಿ ಅನುವಾದಕಿ ಆದಳು:

"'ಕೈ ತೋರ್ಸು' ಅಂತಿದಾಳೆ."

ಅಣ್ಣ ತೋರಿಸಿದರು. ಎರಡು ಬೆರಳ ತುದಿ ನುಣ್ಣಗೆ, ಬಿಳಿಚಿಕೊಂಡಿತ್ತು. ಎರಡು ವರ್ಷದಿಂದ ದಿನಾ ಆ ಕೈ ನೋಡಿದ್ದೇನೆ ಅಂದುಕೊಂಡಿದ್ದೆ.

"'ಟೀ ಕೆಟಲ್ ತಾಗಿ ಸುಟ್ಟಿದ್ದು' ಅಂತಿದಾನೆ ಅಣ್ಣ."

ಎದುರುಗೈ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅಳಲು ಶುರುಮಾಡಿದಳು. ಅಳುತ್ತಲೇ ಬೈದಳು. ಮಡಿಕೆಯಕ್ಕ ಅದನ್ನೂ ಬಿಡದೆ ಹೇಳಿದಳು:

"'ನೀನು ಜನ್ಮದಲ್ಲಿ ಟೀ ಕುಡಿದೋನಲ್ಲ' ಅಂತಿದಾಳೆ."

ನಿಮ್ಮ ಅಣ್ಣನ ಮಗಳು